ಮೇಲಿನ ಕಬ್ಬಿಣ ಎಲ್ಲಿಯವರೆಗೆ?

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಸಣ್ಣ ಊರಿನಲ್ಲಿ ಎರಡಂತಸ್ತಿನ ಸಭಾಂಗಣ ಏಳುತ್ತಿತ್ತು. ಮೇಲಂತಸ್ತಿನ ನೆಲಕ್ಕೆ ಸೆಂಟ್ರಿಂಗ್ ಹೊಡೆದಾಗಿತ್ತು, ಬೀಮುಗಳಿಗೆ ಕಬ್ಬಿಣ ಕಟ್ಟುವ ಕೆಲಸ ನಡೆದಿತ್ತು. ಹಾಲ್‌ನ ಬೀಮು ಹಿಂದಿನ ಕಂಬದಿಂದ ಹೊರಟು, ಮುಂದಿನ ಕಂಬದ ತಲೆಯ ಮೇಲೆ ಹಾದು, ಬಾಲ್ಕನಿಗಾಗಿ ಇನ್ನೂ ಎರಡು ಮೀಟರ್ ಹೊರಕ್ಕೆ ಚಾಚಿಕೊಳ್ಳಬೇಕಿತ್ತು. ಮೇಸ್ತ್ರಿ ಟೇಪು ಹಿಡಿದುಕೊಂಡು ಬಂದರು. “ಸಾರ್, ಬಾಲ್ಕನಿಯ ಮೇಲಿನ ರಾಡು ಕಂಬದಿಂದ ಒಳಕ್ಕೆ ಎಷ್ಟು ಬರಬೇಕು? ಡ್ರಾಯಿಂಗ್‌ನಲ್ಲಿ ಅಳತೆ ಹಾಕಿಲ್ಲ.”

ಆ ಪ್ರಶ್ನೆಗೆ ಉತ್ತರ ಕೊಡಲು ಕಂಪ್ಯೂಟರ್ ಬೇಕಿಲ್ಲ. ಸಿಮೆಂಟ್ ಚೀಲದ ಮೇಲೆ ಒಂದರ ಕೆಳಗೊಂದು ಮೂರು ಚಿತ್ರ ಬರೆದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಮೊದಲನೆಯದು ಭಾರದ ಚಿತ್ರ, ಎರಡನೆಯದು ಶಿಯರ್ ಚಿತ್ರ, ಮೂರನೆಯದು ಮೊಮೆಂಟ್ ಚಿತ್ರ. ಒಂದರಿಂದ ಇನ್ನೊಂದನ್ನು ಎಳೆದು ತೆಗೆಯುವ ಒಂದು ಜಾಣ ದಾರಿಯಿದೆ. ಅದನ್ನು ಹೇಳುವುದಕ್ಕೇ ಈ ಬರಹ. ಮೇಸ್ತ್ರಿಗೆ ನಾನು ಅಂದು ಕೊಟ್ಟ ಮೊದಲ ಉತ್ತರ ತಪ್ಪಾಗಿತ್ತು. ಚಿತ್ರಗಳು ಸರಿಯಾಗಿಯೇ ಇದ್ದರೂ ಅದು ತಪ್ಪಿದ್ದು ಹೇಗೆ ಎಂಬುದನ್ನೂ ಹೇಳಬೇಕು.

ಕಾಂಕ್ರೀಟಿಗೆ ಒತ್ತಿದರೆ ತಡೆಯುವ ಬಲವಿದೆ, ಎಳೆದರೆ ಇಲ್ಲ. ಒತ್ತಡವನ್ನು ಎಷ್ಟು ತಡೆಯುತ್ತದೋ ಅದರ ಹತ್ತನೇ ಒಂದು ಭಾಗದಷ್ಟು ಎಳೆತಕ್ಕೇ ಬಿರುಕು ಬಿಡುತ್ತದೆ. ಅದಕ್ಕೇ ಎಳೆತ ಬೀಳುವ ಕಡೆ ಕಬ್ಬಿಣ ಇಡುತ್ತೇವೆ. ಎರಡು ಕಂಬಗಳ ನಡುವೆ ಬೀಮು ತೊಟ್ಟಿಲಂತೆ ಜೋಲುತ್ತದೆ. ಆಗ ಅದರ ಕೆಳಮೈ ಹಿಗ್ಗುತ್ತದೆ, ಕಬ್ಬಿಣ ಕೆಳಗೆ ಬೇಕು. ಬಾಲ್ಕನಿಯ ಭಾಗ ಕಂಬದ ಮೇಲೆ ಗೂನು ಬೀಳುತ್ತದೆ. ಆಗ ಮೇಲ್ಮೈ ಹಿಗ್ಗುತ್ತದೆ, ಕಬ್ಬಿಣ ಮೇಲೆ ಬೇಕು. ಆದರೆ ಗೂನು ಕಂಬದ ಹತ್ತಿರ ಬಂದ ಕೂಡಲೇ ನಿಂತುಬಿಡುವುದಿಲ್ಲ. ಹಾಲ್‌ನ ಒಳಗೂ ಸ್ವಲ್ಪ ದೂರ ಅದು ಮುಂದುವರಿದು, ಎಲ್ಲೋ ಒಂದು ಕಡೆ ಜೋಲಿಗೆ ಹೊರಳುತ್ತದೆ. ಆ ಹೊರಳುವ ಜಾಗ ಎಲ್ಲಿ ಎಂಬುದೇ ಮೇಸ್ತ್ರಿಯ ಪ್ರಶ್ನೆಯ ತಿರುಳು. ಬರಿಗಣ್ಣಿಗೆ ಅದು ಕಾಣದು, ಮೊಮೆಂಟ್ ಚಿತ್ರದಲ್ಲಿ ಕಾಣುತ್ತದೆ.

ಅಳತೆಗಳನ್ನು ಮೊದಲು ಹೇಳಿಬಿಡುತ್ತೇನೆ. ಹಿಂದಿನ ಕಂಬದಿಂದ ಮುಂದಿನ ಕಂಬಕ್ಕೆ 6 ಮೀಟರ್, ಅಲ್ಲಿಂದ ಬಾಲ್ಕನಿಯ ತುದಿಗೆ 2 ಮೀಟರ್. ಬೀಮಿನ ಸ್ವಂತ ತೂಕ, ನೆಲದ ತೂಕ, ತುಂಬಿದ ಜನ ಎಲ್ಲ ಸೇರಿ ಉದ್ದಕ್ಕೂ ಮೀಟರಿಗೆ 2 ಟನ್ ಎಂದಿಟ್ಟುಕೊಳ್ಳೋಣ. ಬಾಲ್ಕನಿಯ ತುದಿಯಲ್ಲಿ ಕಟಕಟೆ ಗೋಡೆಯಿಂದ 1 ಟನ್ ಬರುತ್ತದೆ. ಎಂಜಿನಿಯರುಗಳು ಈಗ ಇವನ್ನೆಲ್ಲ ಕಿಲೋನ್ಯೂಟನ್‌ನಲ್ಲಿ ಬರೆಯುತ್ತಾರೆ, ಒಂದು ಟನ್ ಎಂದರೆ ಸುಮಾರು 10 ಕಿಲೋನ್ಯೂಟನ್. ಓದುವವರಿಗೆ ಸುಲಭವಾಗಲೆಂದು ನಾನು ಟನ್ನಿನಲ್ಲೇ ಹೇಳುತ್ತೇನೆ.

ಮೊದಲು ಎರಡು ಕಂಬಗಳು ಎಷ್ಟೆಷ್ಟು ಹೊರುತ್ತವೆ ಎಂದು ತಿಳಿಯಬೇಕು. ಏತದ ಲೆಕ್ಕ ಸಾಕು. ಹಿಂದಿನ ಕಂಬವನ್ನು ಕೀಲು ಎಂದುಕೊಳ್ಳಿ. 8 ಮೀಟರ್ ಉದ್ದಕ್ಕೂ ಹರಡಿದ 16 ಟನ್ನಿನ ನಡುಬಿಂದು ಅಲ್ಲಿಂದ 4 ಮೀಟರ್ ದೂರ, ಅದರ ತಿರುಚು 64. ತುದಿಯ 1 ಟನ್ 8 ಮೀಟರ್ ದೂರ, ಅದರ ತಿರುಚು 8. ಒಟ್ಟು 72. ಇದನ್ನು ತಡೆದು ನಿಲ್ಲಿಸುವ ಮುಂದಿನ ಕಂಬ 6 ಮೀಟರ್ ದೂರದಲ್ಲಿದೆ, ಆದ್ದರಿಂದ ಅದು 12 ಟನ್ ಹೊರಬೇಕು. ಒಟ್ಟು ಭಾರ 17 ಟನ್, ಉಳಿದ 5 ಟನ್ ಹಿಂದಿನ ಕಂಬದ ಪಾಲು. ಇಲ್ಲಿಗೆ ಗುಣಾಕಾರ ಭಾಗಾಕಾರದ ಕೆಲಸ ಬಹುಪಾಲು ಮುಗಿಯಿತು.

ಶಿಯರ್ ಎಂದರೇನು? ಬೀಮನ್ನು ಯಾವುದಾದರೂ ಒಂದು ಕಡೆ ಸೌತೆಕಾಯಿಯಂತೆ ಅಡ್ಡ ಕೊಯ್ದಿದ್ದೇವೆ ಎಂದು ಭಾವಿಸಿ. ಕೊಯ್ದ ಜಾಗದ ಎಡಗಡೆ ಕಂಬಗಳು ಮೇಲಕ್ಕೆ ಎತ್ತಿದ್ದೆಷ್ಟು, ಭಾರ ಕೆಳಕ್ಕೆ ಒತ್ತಿದ್ದೆಷ್ಟು, ಈ ಎರಡರ ವ್ಯತ್ಯಾಸವೇ ಅಲ್ಲಿನ ಶಿಯರ್. ಎಡಗಡೆಯ ತುಂಡು ಮೇಲಕ್ಕೂ ಬಲಗಡೆಯ ತುಂಡು ಕೆಳಕ್ಕೂ ಜಾರಲು ನೋಡುವ ಬಲ ಅದು. ಮೊಮೆಂಟ್ ಎಂದರೆ ಅದೇ ಕೊಯ್ದ ಜಾಗದಲ್ಲಿ ಬೀಮನ್ನು ಬಾಗಿಸುವ ತಿರುಚು. ಜೋಲಿಸುವ ತಿರುಚನ್ನು ಗೆರೆಯ ಮೇಲೆ, ಗೂನಿಸುವ ತಿರುಚನ್ನು ಗೆರೆಯ ಕೆಳಗೆ ಬರೆಯುವುದು ನಮ್ಮ ಕಾಲೇಜುಗಳ ರೂಢಿ.

ಪ್ರತಿ ಮೀಟರಿಗೂ ಹೀಗೆ ಕೊಯ್ದು ಕೊಯ್ದು ಲೆಕ್ಕ ಮಾಡಬಹುದು. ಹೊಸದಾಗಿ ಕಲಿಯುವವರು ಹಾಗೆಯೇ ಮಾಡುತ್ತಾರೆ, ಸಮೀಕರಣ ಬರೆದು ಪುಟ ತುಂಬಿಸುತ್ತಾರೆ. ಅದರ ಬದಲು ಒಂದು ಚೆಂಡನ್ನು ನೆನೆಸಿಕೊಳ್ಳಿ.

ಚೆಂಡನ್ನು ನೇರ ಮೇಲಕ್ಕೆ ಎಸೆಯುತ್ತೀರಿ. ಭೂಮಿಯ ಎಳೆತ ಅದರ ವೇಗವನ್ನು ಪ್ರತಿ ಕ್ಷಣವೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತ ಹೋಗುತ್ತದೆ. ವೇಗ ಇರುವಷ್ಟು ಹೊತ್ತು ಚೆಂಡು ಏರುತ್ತದೆ. ವೇಗ ಸೊನ್ನೆಯಾದ ಕ್ಷಣ ಅದು ಅತಿ ಎತ್ತರದಲ್ಲಿರುತ್ತದೆ. ಆಮೇಲೆ ವೇಗ ಕೆಳಮುಖವಾಗಿ ಬೆಳೆಯುತ್ತದೆ, ಚೆಂಡು ಇಳಿಯುತ್ತದೆ. ಬೀಮಿನಲ್ಲಿ ಭಾರ ಎಂದರೆ ಭೂಮಿಯ ಎಳೆತ, ಶಿಯರ್ ಎಂದರೆ ಚೆಂಡಿನ ವೇಗ, ಮೊಮೆಂಟ್ ಎಂದರೆ ಚೆಂಡಿನ ಎತ್ತರ. ಕಾಲ ಸರಿಯುವ ಬದಲು ಬೀಮಿನ ಉದ್ದಕ್ಕೂ ಎಡದಿಂದ ಬಲಕ್ಕೆ ನಡೆಯುತ್ತೇವೆ, ಅಷ್ಟೇ ವ್ಯತ್ಯಾಸ. ಹೋಲಿಕೆ ಬಾಯಿಮಾತಿನದಲ್ಲ, ಎರಡರ ಗಣಿತವೂ ಅಕ್ಷರಶಃ ಒಂದೇ. ಪುಸ್ತಕದಲ್ಲಿ ಅದನ್ನು ಹೀಗೆ ಬರೆದಿರುತ್ತಾರೆ:

```
dV/dx = -w
dM/dx =  V
```

`w` ಎಂದರೆ ಮೀಟರಿಗೆ ಎಷ್ಟು ಭಾರ, `V` ಶಿಯರ್, `M` ಮೊಮೆಂಟ್. ಮೊದಲ ಸಾಲು ಹೇಳುವುದು ಇಷ್ಟು: ಶಿಯರ್ ಗೆರೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂಬುದನ್ನು ಆ ಜಾಗದ ಭಾರ ನಿರ್ಧರಿಸುತ್ತದೆ. ಎರಡನೆಯ ಸಾಲು: ಮೊಮೆಂಟ್ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದನ್ನು ಆ ಜಾಗದ ಶಿಯರ್ ನಿರ್ಧರಿಸುತ್ತದೆ. ಇದನ್ನೇ ಮಗುಚಿ ಓದಿದರೆ ವಿಸ್ತೀರ್ಣದ ಸೂತ್ರ ಸಿಗುತ್ತದೆ. ಎರಡು ಜಾಗಗಳ ನಡುವೆ ಶಿಯರ್ ಎಷ್ಟು ಇಳಿಯಿತೋ ಅದು ಭಾರದ ಚಿತ್ರದಲ್ಲಿ ಆ ಎರಡರ ನಡುವಿನ ವಿಸ್ತೀರ್ಣ. ಮೊಮೆಂಟ್ ಎಷ್ಟು ಬದಲಾಯಿತೋ ಅದು ಶಿಯರ್ ಚಿತ್ರದಲ್ಲಿ ಅವೆರಡರ ನಡುವಿನ ವಿಸ್ತೀರ್ಣ. ಗೆರೆಯ ಮೇಲಿನ ವಿಸ್ತೀರ್ಣವನ್ನು ಕೂಡಿಸಬೇಕು, ಕೆಳಗಿನದನ್ನು ಕಳೆಯಬೇಕು.

ಎರಡನೆಯ ಸಾಲು ನಿಜ ಏಕೆ ಎಂದು ಕೇಳುವ ಓದುಗರಿಗೆ ಒಂದು ಮಾತು. ಶಿಯರ್ 5 ಟನ್ ಇರುವ ಕಡೆ ಬೀಮಿನಿಂದ 10 ಸೆಂಟಿಮೀಟರ್ ಅಗಲದ ಒಂದು ಹೋಳು ತೆಗೆಯಿರಿ. ಅದರ ಎಡ ಮುಖವನ್ನು 5 ಟನ್ ಮೇಲಕ್ಕೆ ತಳ್ಳುತ್ತಿದೆ, ಬಲ ಮುಖವನ್ನು ಹತ್ತಿರ ಹತ್ತಿರ ಅಷ್ಟೇ ಬಲ ಕೆಳಕ್ಕೆ ತಳ್ಳುತ್ತಿದೆ. ಎರಡು ಕೈಗಳಲ್ಲಿ ಸ್ಟೀರಿಂಗ್ ತಿರುಗಿಸುವ ಹಾಗೆ ಇವೆರಡೂ ಸೇರಿ ಹೋಳನ್ನು ತಿರುಗಿಸಲು ನೋಡುತ್ತವೆ. ಆ ತಿರುಚು 5 ಗುಣಿಸು 0.1, ಅಂದರೆ ಅರ್ಧ ಟನ್-ಮೀಟರ್. ಹೋಳು ತಿರುಗದೆ ನಿಂತಿದೆ. ಹಾಗಾದರೆ ಅದರ ಬಲ ಮುಖದ ಮೊಮೆಂಟ್ ಎಡ ಮುಖದ್ದಕ್ಕಿಂತ ಅರ್ಧ ಟನ್-ಮೀಟರ್ ಹೆಚ್ಚಿರಲೇಬೇಕು. ಆ 5 ಗುಣಿಸು 0.1 ಎಂಬುದು ಶಿಯರ್ ಚಿತ್ರದಲ್ಲಿ 5 ಎತ್ತರ, 0.1 ಅಗಲದ ಒಂದು ಪಟ್ಟಿಯ ವಿಸ್ತೀರ್ಣ. ಪಟ್ಟಿಗಳನ್ನೆಲ್ಲ ಕೂಡಿಸುತ್ತ ಹೋದರೆ ಮೊಮೆಂಟ್ ಬೆಳೆಯುತ್ತ ಹೋಗುತ್ತದೆ.

1851ರಲ್ಲಿ ಜರ್ಮನಿಯ ಸೇತುವೆ ಎಂಜಿನಿಯರ್ ಯೋಹಾನ್ ವಿಲ್ಹೆಲ್ಮ್ ಶ್ವೆಡ್ಲರ್ ಈ ಸಂಬಂಧವನ್ನು ಸೇತುವೆ ಗರ್ಡರುಗಳ ಬಗೆಗಿನ ತಮ್ಮ ಲೇಖನದಲ್ಲಿ ತೋರಿಸಿದರು. ಯುರೋಪಿನ ಕೆಲವು ದೇಶಗಳ ಪಠ್ಯಗಳಲ್ಲಿ ಇದಕ್ಕೆ ಈಗಲೂ ಅವರದೇ ಹೆಸರಿದೆ.

ಈಗ ನಮ್ಮ ಬೀಮಿಗೆ ಬನ್ನಿ. ಹಿಂದಿನ ಕಂಬದಿಂದ ನಡೆಯಲು ಶುರುಮಾಡೋಣ. ಕಂಬ 5 ಟನ್ ಮೇಲಕ್ಕೆ ತಳ್ಳುತ್ತದೆ, ಆದ್ದರಿಂದ ಶಿಯರ್ ಗೆರೆ ಸೊನ್ನೆಯಿಂದ ಒಮ್ಮೆಗೇ 5ಕ್ಕೆ ನೆಗೆಯುತ್ತದೆ. ಅಲ್ಲಿಂದ ಮೀಟರಿಗೆ 2ರಂತೆ ಇಳಿಯಬೇಕು. 6 ಮೀಟರಿನಲ್ಲಿ 12 ಇಳಿಯುತ್ತದೆ, 5ರಿಂದ 12 ಕಳೆದರೆ ಗೆರೆಯ ಕೆಳಗೆ 7. ಎರಡು ಚುಕ್ಕಿ ಇಟ್ಟು ನೆಟ್ಟಗೆ ಗೆರೆ ಎಳೆಯಿರಿ. ಮುಂದಿನ ಕಂಬ 12 ಟನ್ ಮೇಲಕ್ಕೆ ತಳ್ಳುತ್ತದೆ, ಗೆರೆ ಕೆಳಗಿನ 7ರಿಂದ ಮೇಲಿನ 5ಕ್ಕೆ ನೆಗೆಯುತ್ತದೆ. ಬಾಲ್ಕನಿಯ 2 ಮೀಟರಿನಲ್ಲಿ 4 ಇಳಿದು 1ಕ್ಕೆ ಬರುತ್ತದೆ. ತುದಿಯಲ್ಲಿ ಕಟಕಟೆಯ 1 ಟನ್ ಅದನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ. ಶಿಯರ್ ಚಿತ್ರ ಮುಗಿಯಿತು.

ಹಾಲ್‌ನೊಳಗೆ ಆ ಗೆರೆ ಸೊನ್ನೆಯನ್ನು ದಾಟಿದ್ದು ಎಲ್ಲಿ? 5 ಟನ್ನನ್ನು ಮೀಟರಿಗೆ 2ರಂತೆ ಕರಗಿಸಲು ಎರಡೂವರೆ ಮೀಟರ್ ಬೇಕು. ಚೆಂಡಿನ ವೇಗ ಸೊನ್ನೆಯಾಗುವ ಜಾಗ ಅದು, ಹಾಗಾಗಿ ಜೋಲು ಅತಿ ಹೆಚ್ಚಾಗಿರುವ ಜಾಗವೂ ಅದೇ. ಹಾಲ್‌ನ ನಟ್ಟನಡುವೆ, ಅಂದರೆ 3 ಮೀಟರಿನಲ್ಲಿ, ಅಲ್ಲ. ಬಾಲ್ಕನಿ ಹೊರಗಿನಿಂದ ಜಗ್ಗುತ್ತಿರುವುದರಿಂದ ಅದು ಹಿಂದಿನ ಕಂಬದ ಕಡೆಗೆ ಅರ್ಧ ಮೀಟರ್ ಸರಿದಿದೆ.

ಮೂರನೆಯ ಚಿತ್ರಕ್ಕೆ ವಿಸ್ತೀರ್ಣಗಳು ಬೇಕು. ಮೊದಲ ಎರಡೂವರೆ ಮೀಟರಿನಲ್ಲಿ ಶಿಯರ್ ಚಿತ್ರ ಒಂದು ತ್ರಿಕೋನ: ಪಾದ 2.5, ಎತ್ತರ 5, ವಿಸ್ತೀರ್ಣ 6.25. ಮೊಮೆಂಟ್ ಸೊನ್ನೆಯಿಂದ 6.25 ಟನ್-ಮೀಟರಿಗೆ ಏರಿತು. ಮುಂದಿನ ಮೂರೂವರೆ ಮೀಟರಿನಲ್ಲಿ ಗೆರೆಯ ಕೆಳಗೆ ಇನ್ನೊಂದು ತ್ರಿಕೋನ: ಪಾದ 3.5, ಎತ್ತರ 7, ವಿಸ್ತೀರ್ಣ 12.25. 6.25ರಿಂದ 12.25 ಕಳೆದರೆ ಸೊನ್ನೆಯ ಕೆಳಗೆ 6. ಮುಂದಿನ ಕಂಬದ ಮೇಲೆ ಬೀಮು 6 ಟನ್-ಮೀಟರ್ ತಿರುಚಿನಿಂದ ಗೂನು ಬಿದ್ದಿದೆ ಎಂದರ್ಥ. ಬಾಲ್ಕನಿಯಲ್ಲಿ ಶಿಯರ್ ಚಿತ್ರ 5ರಿಂದ 1ಕ್ಕೆ ಇಳಿಯುವ ಓರೆ ತಲೆಯ ಪಟ್ಟಿ. ಸರಾಸರಿ ಎತ್ತರ 3, ಉದ್ದ 2, ವಿಸ್ತೀರ್ಣ 6. ಕೆಳಗಿದ್ದ 6ಕ್ಕೆ ಈ 6 ಕೂಡಿ ತುದಿಯಲ್ಲಿ ಸೊನ್ನೆ. ಬಾಲ್ಕನಿಯ ತುದಿಯನ್ನು ಯಾರೂ ಹಿಡಿದುಕೊಂಡಿಲ್ಲ, ಅಲ್ಲಿ ಮೊಮೆಂಟ್ ಸೊನ್ನೆಯೇ ಇರಬೇಕು. ಲೆಕ್ಕ ಮುಟ್ಟಿತು.

ಹೀಗೆ ಮುಟ್ಟುವುದು ಈ ವಿಧಾನದ ದೊಡ್ಡ ಬಲ. ಕಂಬಗಳ ಪಾಲು ಹಂಚುವಾಗ ತಪ್ಪಿ ಹಿಂದಿನದಕ್ಕೆ 6, ಮುಂದಿನದಕ್ಕೆ 11 ಎಂದು ಬಂತೆನ್ನಿ. ಒಟ್ಟು 17 ಸರಿಯಾಗಿಯೇ ಇದೆ. ಶಿಯರ್ ಚಿತ್ರವೂ ತುದಿಯಲ್ಲಿ ಸೊನ್ನೆಗೇ ಬಂದು ನಿಲ್ಲುತ್ತದೆ, ಅನುಮಾನವೇ ಬರುವುದಿಲ್ಲ. ಆದರೆ ಮೊಮೆಂಟ್ ತೆಗೆದು ನೋಡಿ: 3 ಮೀಟರಿನವರೆಗೆ 9 ಏರುತ್ತದೆ, ಮುಂದಿನ 3 ಮೀಟರಿನಲ್ಲಿ 9 ಇಳಿದು ಕಂಬದ ಹತ್ತಿರ ಸೊನ್ನೆ, ಬಾಲ್ಕನಿಯ ತುದಿಯಲ್ಲಿ 6. ಹಿಡಿತವಿಲ್ಲದ ತುದಿಯಲ್ಲಿ 6 ಟನ್-ಮೀಟರ್ ಮೊಮೆಂಟ್ ಇರಲು ಸಾಧ್ಯವೇ ಇಲ್ಲ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಶಿಯರ್ ಚಿತ್ರ ಮುಟ್ಟಿತೆಂದು ಸಮಾಧಾನ ಪಡಬಾರದು, ಮೊಮೆಂಟ್ ಚಿತ್ರವೂ ಮುಟ್ಟಬೇಕು.

ಚುಕ್ಕಿಗಳು ಬಂದವು. ಅವನ್ನು ಸೇರಿಸುವ ಗೆರೆ ಯಾವ ಕಡೆಗೆ ಉಬ್ಬಬೇಕು? ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಶಿಯರ್ ಚಿತ್ರವನ್ನು ಮೊಮೆಂಟಿನ ಏರುದಾರಿಯ ಕಡಿದು ಎಂದು ಓದಿ. ಹಿಂದಿನ ಕಂಬದ ಬಳಿ ಶಿಯರ್ 5, ಏರು ಕಡಿದಾಗಿದೆ. ಹೋಗುತ್ತ ಹೋಗುತ್ತ ಏರು ಸಪ್ಪೆಯಾಗಿ 2.5 ಮೀಟರಿನಲ್ಲಿ ಗೆರೆ ಸಮತಟ್ಟಾಗುತ್ತದೆ. ಆಮೇಲೆ ಇಳಿಜಾರು ಕಡಿದಾಗುತ್ತ ಹೋಗಿ ಮುಂದಿನ ಕಂಬ ಮುಟ್ಟುವ ಹೊತ್ತಿಗೆ ಅತಿ ಕಡಿದು. ಹಾಗಾದರೆ ಗೆರೆ ಬೆಟ್ಟದ ನೆತ್ತಿಯಂತೆ ಮೇಲಕ್ಕೆ ಉಬ್ಬಿರಬೇಕು. ಬಾಲ್ಕನಿಯಲ್ಲೂ ಹಾಗೆಯೇ. ಕಂಬದ ಬಳಿ ಕಡಿದಾಗಿ ಏರಿ, ತುದಿಯ ಹತ್ತಿರ ಮೆತ್ತಗಾಗುತ್ತದೆ. ಇಲ್ಲಿ ಬಾವಿಗೆ ಇಳಿಬಿಟ್ಟ ಹಗ್ಗದಂತೆ ಗೆರೆಯನ್ನು ಕೆಳಕ್ಕೆ ಜೋತುಬೀಳಿಸಿ ಬರೆಯುವವರು ಬಹಳ. ಭಾರ ಕೆಳಮುಖವಾಗಿ ಹರಡಿರುವ ಕಡೆ ಮೊಮೆಂಟ್ ಗೆರೆ ಎಂದೂ ಹಾಗೆ ಜೋತು ಬೀಳುವುದಿಲ್ಲ. ಎಸೆದ ಚೆಂಡು ಗಾಳಿಯಲ್ಲಿ ಬಾಣಲೆಯ ಆಕಾರದಲ್ಲಿ ಹಾರುವುದನ್ನು ಯಾರಾದರೂ ಕಂಡಿದ್ದಾರೆಯೇ?

ಮುಂದಿನ ಕಂಬದ ಮೇಲೆ ಮಾತ್ರ ಒಂದು ಮೂತಿ ಮೂಡುತ್ತದೆ. ಅಲ್ಲಿಯವರೆಗೆ 7ರ ಕಡಿದಿನಲ್ಲಿ ಇಳಿಯುತ್ತಿದ್ದ ಗೆರೆ ತಟಕ್ಕನೆ 5ರ ಕಡಿದಿನಲ್ಲಿ ಏರತೊಡಗುತ್ತದೆ. ನೆಲಕ್ಕೆ ಬಡಿದ ಚೆಂಡು ಪುಟಿದೇಳುವಂತೆ. ಪುಟಿಯುವಾಗ ವೇಗ ಒಮ್ಮೆಗೇ ಬದಲಾಗುತ್ತದೆ, ಆದರೆ ಚೆಂಡು ಇದ್ದ ಎತ್ತರದಿಂದ ಇನ್ನೊಂದು ಎತ್ತರಕ್ಕೆ ಮಾಯವಾಗಿ ಹೋಗುವುದಿಲ್ಲ. ಹಾಗೆಯೇ ಒಂದೇ ಬಿಂದುವಿನಲ್ಲಿ ಬೀಳುವ ಭಾರ ಅಥವಾ ಕಂಬದ ಒತ್ತು ಶಿಯರ್ ಗೆರೆಯನ್ನು ನೆಗೆಸುತ್ತದೆ, ಮೊಮೆಂಟ್ ಗೆರೆಯನ್ನು ಮುರಿದು ತಿರುಗಿಸುತ್ತದೆ ಅಷ್ಟೆ. ಮೊಮೆಂಟ್ ಗೆರೆಯೇ ನೆಗೆಯಬೇಕಾದರೆ ಅಲ್ಲಿ ಹೊರಗಿನಿಂದ ಒಂದು ತಿರುಚು ಬಿದ್ದಿರಬೇಕು. ಬೀಮಿನ ಪಕ್ಕಕ್ಕೆ ಗಟ್ಟಿಯಾಗಿ ಬೆಸೆದ ಬ್ರಾಕೆಟ್ಟಿನ ತುದಿಗೆ ಭಾರ ತೂಗುಹಾಕಿದರೆ ಹಾಗಾಗುತ್ತದೆ. ಅಂಥ ಜಾಗದಲ್ಲಿ ವಿಸ್ತೀರ್ಣದ ಲೆಕ್ಕ ಒಂದೇ ಸಾಲದು, ಆ ತಿರುಚನ್ನೂ ಕೈಯಾರೆ ಸೇರಿಸಬೇಕು.

ಇನ್ನೊಂದು ತಪ್ಪನ್ನು ಹೇಳಲೇಬೇಕು, ಏಕೆಂದರೆ ಓದಿದವರೂ ಮಾಡುತ್ತಾರೆ. ಕಂಬಗಳ ಪಾಲು ಹಂಚುವಾಗ ಹರಡಿದ 16 ಟನ್ನನ್ನು ನಡುಬಿಂದುವಿಗೆ ತಂದು ಲೆಕ್ಕ ಹಾಕಿದೆವಲ್ಲ, ಅದೇ ಗುಂಗಿನಲ್ಲಿ ಚಿತ್ರ ಬರೆಯುವಾಗಲೂ ಭಾರವನ್ನು ಅಲ್ಲೇ ಗುಡ್ಡೆ ಹಾಕಿಬಿಡುತ್ತಾರೆ. ಕಂಬಕ್ಕೆ ಎಷ್ಟು ಬಂತು ಎಂಬುದಕ್ಕೆ ಅದು ಸರಿ, ಬೀಮಿನ ಒಳಗೆ ಏನಾಗುತ್ತಿದೆ ಎಂಬುದಕ್ಕೆ ಪೂರಾ ತಪ್ಪು. ಬಾಲ್ಕನಿಯೇ ಇಲ್ಲದ 6 ಮೀಟರಿನ ಬೀಮಿನಲ್ಲಿ ಮೀಟರಿಗೆ 2 ಟನ್ ಹರಡಿದ್ದರೆ ನಡುವಿನ ಮೊಮೆಂಟ್ 9 ಟನ್-ಮೀಟರ್. ಅದೇ 12 ಟನ್ನನ್ನು ನಡುವೆ ಗುಡ್ಡೆ ಹಾಕಿದರೆ 18, ನೇರ ಎರಡು ಪಟ್ಟು. ಗುರುತಿಸುವುದು ಸುಲಭ: ಭಾರ ಹರಡಿರುವ ಕಡೆ ಮೊಮೆಂಟ್ ಗೆರೆ ಸ್ಕೇಲಿಟ್ಟು ಎಳೆದಂತೆ ನೆಟ್ಟಗಿದ್ದರೆ ಯಾರೋ ಗುಡ್ಡೆ ಹಾಕಿದ್ದಾರೆ.

ಮೇಸ್ತ್ರಿಯ ಪ್ರಶ್ನೆ ಇನ್ನೂ ಹಾಗೇ ಇದೆ. ಗೂನು ಜೋಲಿಗೆ ಹೊರಳುವುದು ಮೊಮೆಂಟ್ ಗೆರೆ ಸೊನ್ನೆಯನ್ನು ದಾಟುವಲ್ಲಿ. ಚೆಂಡು ಎರಡೂವರೆ ಮೀಟರ್ ನಡೆಯುವಷ್ಟರಲ್ಲಿ ನೆತ್ತಿ ಮುಟ್ಟಿತು, ಮತ್ತೆ ಎರಡೂವರೆ ಮೀಟರಿಗೆ ಹೊರಟ ಮಟ್ಟಕ್ಕೇ ಬಂದು ಬೀಳುತ್ತದೆ. ಏರಿದ ತ್ರಿಕೋನದ ವಿಸ್ತೀರ್ಣ 6.25, ಅಷ್ಟೇ ವಿಸ್ತೀರ್ಣದ ತ್ರಿಕೋನ ಕೆಳಗೂ ಆಗಬೇಕಲ್ಲ. ಅಂದರೆ ಹಿಂದಿನ ಕಂಬದಿಂದ 5 ಮೀಟರ್, ಮುಂದಿನ ಕಂಬದಿಂದ ಒಳಕ್ಕೆ 1 ಮೀಟರ್. ನಾನು ಹೆಮ್ಮೆಯಿಂದ, “ಒಂದು ಮೀಟರ್ ಬಂದರೆ ಸಾಕು ಮೇಸ್ತ್ರಿ, ಭದ್ರಕ್ಕೆ ಇನ್ನೊಂದಡಿ ಹಾಕಿ” ಎಂದೆ.

ಮೇಸ್ತ್ರಿ ಒಪ್ಪಲಿಲ್ಲ. “ನಾವು ಯಾವತ್ತೂ ಹೊರಗೆ ಚಾಚಿದ್ದಕ್ಕೆ ಒಂದೂವರೆ ಪಟ್ಟು ಒಳಗೆ ಬಿಡ್ತೀವಿ ಸಾರ್. ಎರಡು ಮೀಟರಿಗೆ ಮೂರು.” ನಾನು ಚೀಲದ ಮೇಲಿನ ಚಿತ್ರ ತೋರಿಸಿದೆ. ಅಷ್ಟರಲ್ಲಿ ನಮ್ಮ ಹಿರಿಯ ಎಂಜಿನಿಯರ್ ಬಂದರು. ಚಿತ್ರವನ್ನು ಒಂದು ಗಳಿಗೆ ನೋಡಿ, “ಚಿತ್ರ ಸರಿಯಾಗಿದೆಯಪ್ಪಾ. ಆದರೆ ಹಾಲ್ ಖಾಲಿ ಇದ್ದು, ಜನ ಎಲ್ಲ ಬಾಲ್ಕನಿಯಲ್ಲಿ ನಿಂತು ಮೆರವಣಿಗೆ ನೋಡುತ್ತಿದ್ದರೆ?” ಎಂದರು.

ಮೀಟರಿಗೆ 2 ಟನ್ ಎಂದು ನಾನು ಹಿಡಿದಿದ್ದರಲ್ಲಿ ಅರ್ಧ ಕಟ್ಟಡದ ಸ್ವಂತ ತೂಕ, ಅದು ಎಲ್ಲೂ ಹೋಗುವುದಿಲ್ಲ. ಉಳಿದರ್ಧ ಜನ ಮತ್ತು ಸಾಮಾನು, ಅದು ಬರುತ್ತದೆ ಹೋಗುತ್ತದೆ. ಹಾಲ್ ಖಾಲಿಯಾದರೆ ಅಲ್ಲಿ ಮೀಟರಿಗೆ 1 ಟನ್ ಮಾತ್ರ. ಬಾಲ್ಕನಿಯಲ್ಲಿ ಮೊದಲಿನಂತೆ 2. ಆತುರಾತುರವಾಗಿ ಚೀಲದ ಇನ್ನೊಂದು ಮಗ್ಗುಲಲ್ಲಿ ಚಿತ್ರ ಬರೆದೆ. ಬಾಲ್ಕನಿ ಬದಲಾಗಿಲ್ಲ, ಆದ್ದರಿಂದ ಮುಂದಿನ ಕಂಬದ ಮೇಲಿನ ಗೂನು ಅದೇ 6 ಟನ್-ಮೀಟರ್. ಹಾಲ್‌ನ 6 ಟನ್ನಿನಲ್ಲಿ ಹಿಂದಿನ ಕಂಬಕ್ಕೆ ಅರ್ಧ, ಅಂದರೆ 3 ಬರಬೇಕು. ಆದರೆ ಬಾಲ್ಕನಿ ಏತದಂತೆ ಹಿಂಬದಿಯನ್ನು ಎತ್ತುತ್ತದೆ, ಆ 6 ಟನ್-ಮೀಟರನ್ನು 6 ಮೀಟರಿಂದ ಭಾಗಿಸಿದರೆ 1 ಟನ್ ಕಡಿಮೆ. ಉಳಿದದ್ದು 2. ಶಿಯರ್ 2ರಿಂದ ಹೊರಟು ಮೀಟರಿಗೆ 1ರಂತೆ ಇಳಿದು 2 ಮೀಟರಿನಲ್ಲೇ ಸೊನ್ನೆ. ನೆತ್ತಿ ಬರೀ 2 ಟನ್-ಮೀಟರ್. ಅದರ ಎರಡರಷ್ಟು ದೂರದಲ್ಲಿ, ಹಿಂದಿನ ಕಂಬದಿಂದ 4 ಮೀಟರಿಗೆ, ಗೆರೆ ಸೊನ್ನೆ ದಾಟುತ್ತದೆ. ಮುಂದಿನ ಕಂಬದಿಂದ ಅಳೆದರೆ ಒಳಕ್ಕೆ 2 ಮೀಟರ್!

ಹಾಲ್‌ನಿಂದ ಭಾರ ತೆಗೆದದ್ದಕ್ಕೇ ಗೂನು ಇನ್ನೊಂದು ಮೀಟರ್ ಒಳಗೆ ನುಗ್ಗಿತು. ನಾನು ಹೇಳಿದಂತೆ ರಾಡನ್ನು ಒಂದು ಮೀಟರ್ ಒಂದಡಿಗೆ ನಿಲ್ಲಿಸಿದ್ದರೆ, ಅದರಾಚೆ ಸುಮಾರು 70 ಸೆಂಟಿಮೀಟರ್ ಉದ್ದಕ್ಕೆ ಮೇಲ್ಮೈ ಎಳೆತದಲ್ಲಿದ್ದು ಅದನ್ನು ಹಿಡಿಯಲು ಲೆಕ್ಕದ ಕಬ್ಬಿಣವೇ ಇರುತ್ತಿರಲಿಲ್ಲ. ಅಂಥ ಕಡೆ ಹಾಲ್‌ನ ನೆಲದ ಮೇಲೆ, ಕಂಬದ ಸಾಲಿಗೆ ಸಮಾನಾಂತರವಾಗಿ, ರಾಡು ಮುಗಿದ ಜಾಗದಲ್ಲೇ ಬಿರುಕು ಬಾಯಿ ಬಿಡುತ್ತದೆ. ಟೈಲ್ಸ್ ಸಂದಿಯಲ್ಲಿ ಕಂಡ ಗೀಟನ್ನು ಟೈಲ್ಸ್ ಕೆಲಸದ ದೋಷ ಎಂದು ಮತ್ತೆ ಮತ್ತೆ ತುಂಬಿಸುತ್ತಾರೆ.

ಇದರ ತಿರುಗುಮುರುಗೂ ಇದೆ. ಹಾಲ್ ತುಂಬಿ ಬಾಲ್ಕನಿ ಖಾಲಿಯಾದರೆ ಕಂಬದ ಮೇಲಿನ ಗೂನು 6ರಿಂದ 4ಕ್ಕೆ ಇಳಿದು, ಹಾಲ್‌ನ ಜೋಲು 6.25ರಿಂದ ಸುಮಾರು 7.1ಕ್ಕೆ ಏರುತ್ತದೆ. ಕೆಳಗಿನ ಕಬ್ಬಿಣವನ್ನು ಈ ಚಿತ್ರ ನೋಡಿ ಹಾಕಬೇಕು. ಎಲ್ಲ ಕಡೆ ಭಾರ ತುಂಬಿದ ಚಿತ್ರ ಮುಂದಿನ ಕಂಬದ ಪಕ್ಕದ 7 ಟನ್ ಶಿಯರ್‌ಗಾಗಿ ಬೇಕು. ರಿಂಗುಗಳನ್ನು ಎಲ್ಲಿ ಒತ್ತೊತ್ತಾಗಿ ಕಟ್ಟಬೇಕೆಂದು ಅದು ಹೇಳುತ್ತದೆ. ಆದ್ದರಿಂದ ಒಂದು ಬೀಮಿಗೆ ಒಂದೇ ಚಿತ್ರ ಎಂಬುದಿಲ್ಲ. ವಿಸ್ತೀರ್ಣದ ದಾರಿಯಲ್ಲಿ ಪ್ರತಿ ಚಿತ್ರಕ್ಕೂ ಎರಡೇ ನಿಮಿಷ ಸಾಕಾಗುವುದರಿಂದ ಮೂರು ಬಗೆಯಲ್ಲೂ ಬರೆದು ನೋಡುವ ತಾಳ್ಮೆ ಉಳಿಯುತ್ತದೆ. ಸಾಲಾಗಿ ಮೂರು ನಾಲ್ಕು ಕಂಬಗಳ ಮೇಲೆ ಹಾದುಹೋಗುವ ಬೀಮಿನಲ್ಲಿ ಕಂಬಗಳ ಪಾಲು ಬರೀ ಏತದ ಲೆಕ್ಕದಿಂದ ಸಿಗುವುದಿಲ್ಲ, ಅದಕ್ಕೆ ಬೇರೆ ವಿಧಾನಗಳಿವೆ. ಪಾಲು ಸಿಕ್ಕಮೇಲೆ ಚಿತ್ರ ಬರೆಯುವುದು ಮಾತ್ರ ಇದೇ ದಾರಿಯಲ್ಲಿ.

ಹೊರಳುವ ಜಾಗ 2 ಮೀಟರ್ ಎಂದಾಯಿತು. ರಾಡನ್ನು ಅಲ್ಲಿಗೇ ಕತ್ತರಿಸುವಂತಿಲ್ಲ. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ `IS 456`ರ ಪ್ರಕಾರ, ಕಂಬದ ಮೇಲಿನ ಕಬ್ಬಿಣದಲ್ಲಿ ಮೂರನೇ ಒಂದು ಭಾಗವಾದರೂ ಹೊರಳುವ ಜಾಗವನ್ನು ದಾಟಿ ಮುಂದೆ ಹೋಗಬೇಕು. ಎಷ್ಟು ಮುಂದೆ? ಬೀಮಿನ ಪರಿಣಾಮಕಾರಿ ಆಳ, ರಾಡಿನ ದಪ್ಪದ 12 ಪಟ್ಟು, ಕಂಬಗಳ ನಡುವಿನ ಬಯಲು ಅಂತರದ 16ನೇ ಒಂದು ಭಾಗ, ಈ ಮೂರರಲ್ಲಿ ಯಾವುದು ಹೆಚ್ಚೋ ಅಷ್ಟು. ನಮ್ಮ ಬೀಮಿನ ಪರಿಣಾಮಕಾರಿ ಆಳ 40 ಸೆಂಟಿಮೀಟರ್. 16 ಮಿಲಿಮೀಟರ್ ರಾಡಿನ 12 ಪಟ್ಟು 19 ಸೆಂಟಿಮೀಟರ್ ಆಯಿತು, 6 ಮೀಟರಿನ 16ನೇ ಒಂದು ಭಾಗ 37.5. ಹಾಗಾಗಿ 40 ಸೇರಿಸಬೇಕು. ಒಟ್ಟು 2.4 ಮೀಟರ್. ಮೇಸ್ತ್ರಿಯ ಒಂದೂವರೆ ಪಟ್ಟಿನ ಲೆಕ್ಕಕ್ಕೆ 3 ಮೀಟರ್. ಅವರ ರೂಢಿಯ ಮಾತೇ ಸರಿಯಿತ್ತು, ರಾಡು ಅವರು ಹೇಳಿದಷ್ಟೇ ಉದ್ದಕ್ಕೆ ಬಿತ್ತು.

ಆಮೇಲೆ ಆ ರೂಢಿಯನ್ನೇ ಪರೀಕ್ಷಿಸಿ ನೋಡಬೇಕೆನಿಸಿತು. ಅದೇ ಹಾಲ್, ಅದೇ ಖಾಲಿ ನೆಲ, ಬಾಲ್ಕನಿಯನ್ನು ಮಾತ್ರ 3 ಮೀಟರಿಗೆ ಚಾಚಿ. ಕಂಬದ ಮೇಲಿನ ಗೂನು 12 ಟನ್-ಮೀಟರ್ ಆಗುತ್ತದೆ, ಹಿಂದಿನ ಕಂಬದ ಪಾಲಿಗೆ 1 ಟನ್ ಮಾತ್ರ ಉಳಿಯುತ್ತದೆ. 1 ಮೀಟರಿಗೆ ನೆತ್ತಿ, 2 ಮೀಟರಿಗೆ ಹೊರಳು, ಅಂದರೆ ಮುಂದಿನ ಕಂಬದಿಂದ ಒಳಕ್ಕೆ 4 ಮೀಟರ್. ಬಾಲ್ಕನಿ ಒಂದೂವರೆ ಪಟ್ಟಾದರೆ ಗೂನು ಎರಡು ಪಟ್ಟು ಒಳಗೆ ಬಂತು. ರೂಢಿಯ ಲೆಕ್ಕ 4.5, ಬೇಕಿರುವುದು 4.4, ಇನ್ನೂ ದಾಟುತ್ತದೆ. ಮೂರೂವರೆ ಮೀಟರ್ ಚಾಚಿದರೆ ಹೊರಳುವ ಜಾಗ 5.25 ಮೀಟರ್ ಒಳಗೆ, ರೂಢಿಯ ಲೆಕ್ಕವೂ ಸರಿಯಾಗಿ 5.25. ಮೇಲೆ ಸೇರಿಸಬೇಕಾದ 40 ಸೆಂಟಿಮೀಟರಿಗೆ ಜಾಗವಿಲ್ಲ, ರೂಢಿ ಇಲ್ಲಿ ಸೋತಿತು. 4 ಮೀಟರ್ ಚಾಚಿದರೆ ಹಿಂದಿನ ಕಂಬದ ಪಾಲು ಸೊನ್ನೆಯ ಕೆಳಗೆ ಹೋಗುತ್ತದೆ. ಬೀಮಿನ ಹಿಂತುದಿ ಕಂಬವನ್ನು ಬಿಟ್ಟು ಮೇಲೇಳಲು ನೋಡುತ್ತದೆ, ಅದನ್ನು ಕಂಬಕ್ಕೆ ಬಿಗಿದು ಕೆಳಕ್ಕೆ ಹಿಡಿಯಬೇಕು. ಶಿಯರ್ ಗೆರೆ ಶುರುವಿನಿಂದಲೇ ಸೊನ್ನೆಯ ಕೆಳಗೆ, ಚೆಂಡು ಏರುವುದೇ ಇಲ್ಲ. ಆ ಬೀಮಿಗೆ ಮೇಲಿನ ಕಬ್ಬಿಣ ಈ ಕಂಬದಿಂದ ಆ ಕಂಬದವರೆಗೆ ಪೂರ್ತಿ ಬೇಕು.

ನಿಮ್ಮ ಮನೆಗೆ ಬಾಲ್ಕನಿ ಕಟ್ಟಿಸುತ್ತಿದ್ದರೆ ಕಾಂಕ್ರೀಟ್ ಸುರಿಯುವ ಹಿಂದಿನ ಸಂಜೆ ಸೆಂಟ್ರಿಂಗ್ ಮೇಲೆ ಹತ್ತಿ. ಬಾಲ್ಕನಿಯ ಮೇಲಿನ ರಾಡುಗಳು ನಿಜವಾಗಿಯೂ ಮೇಲ್ಭಾಗದಲ್ಲಿಯೇ ಇವೆಯೇ, ಕಾಲಿಟ್ಟರೆ ಕುಸಿಯದಂತೆ ಕೆಳಗೆ ಚೇರ್ ಕೊಟ್ಟಿದ್ದಾರೆಯೇ ನೋಡಿ. ಆಮೇಲೆ ಕಂಬದ ಒಳಮುಖಕ್ಕೆ ಟೇಪು ಹಿಡಿದು, ಆ ರಾಡುಗಳು ಒಳಕ್ಕೆ ಎಷ್ಟು ಬಂದಿವೆ ಎಂದು ಅಳೆಯಿರಿ. ಬಾಲ್ಕನಿಯ ಚಾಚಿಗಿಂತ ಕಡಿಮೆ ಇದ್ದರೆ ಮರುದಿನದ ಕಾಂಕ್ರೀಟ್ ನಿಲ್ಲಿಸಿ, ನಿಮ್ಮ ಎಂಜಿನಿಯರನ್ನು ಕರೆದು, ಹಾಲ್ ಖಾಲಿ ಇರುವ ಚಿತ್ರವನ್ನು ಬರೆದು ತೋರಿಸಲು ಕೇಳಿ.